ಟಿ.ಸಿ.ಯ ಗುಂಯ್‌ಗುಟ್ಟುವಿಕೆಯೂ ಗ್ರಾಮದವರ ದೂರೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಅನೇಕ ಅಡಕೆ ತೆಂಗಿನ ತೋಟಗಳು ಕೊಳವೆಬಾವಿಗಳನ್ನೇ ನಂಬಿಕೊಂಡಿರುವುವು. ಬೇಸಗೆಯಲ್ಲಿ ಒಂದು ಟಿ.ಸಿ. ಸುಟ್ಟುಹೋದರೆ ಅದರ ಕೆಳಗಿನ ತೋಟಗಳೆಲ್ಲವೂ ನೀರಿಲ್ಲದೆ ಬಾಡಬೇಕಾಗುವುದು. ಹೀಗೆ ಕೆಡುವುದಕ್ಕೆ ಮುಂಚೆ ಕೆಲವು ವೇಳೆ ಅದರ ಶಬ್ದವು ಬದಲಾಗುವುದುಂಟು. ಆಗ ಗ್ರಾಮದವರು "ಶಬ್ದ ಹೆಚ್ಚಾಗಿದೆ, ದೊಡ್ಡ ಟಿ.ಸಿ. ಹಾಕಿಸಿಕೊಡಿ" ಎಂದಷ್ಟೇ ಅರ್ಜಿ ಬರೆಯುವರು. ಇಷ್ಟರಿಂದ ಕಾರಣವು ತಿಳಿಯದು. ಶಬ್ದವು ಯಾವ ಹೊತ್ತಿನಲ್ಲಿ ಏರಿ ಯಾವ ಹೊತ್ತಿನಲ್ಲಿ ಇಳಿಯುವುದೆಂಬುದನ್ನು ಬರೆದ ದೂರೇ ಪ್ರಯೋಜನಕಾರಿಯಾದುದು.

ಟಿ.ಸಿ.ಯ ಒಳಗೆ ತೆಳುವಾದ ಉಕ್ಕಿನ ತಗಡುಗಳನ್ನು ಒಂದರ ಮೇಲೊಂದು ಜೋಡಿಸಿ ಬಿಗಿದ ತಿರುಳಿರುವುದು. ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳಲ್ಲಿ ಹರಿಯುವುದರಿಂದ ಈ ತಗಡುಗಳು ಕಣ್ಣಿಗೆ ಕಾಣದಷ್ಟು ಹಿಗ್ಗಿ ಕುಗ್ಗಿ, ಸೆಕೆಂಡಿಗೆ 100 ಸಲ ಕಂಪಿಸುವುವು. ತಂಬೂರಿಯ ಶ್ರುತಿಯಂತೆ ಒಂದೇ ಸಮನಾಗಿ ಕೇಳಿಬರುವ ಸ್ವರವು ಇದೇ. ಪಂಪುಗಳೆಲ್ಲ ನಿಂತಿದ್ದರೂ ಇದು ಇದ್ದೇ ಇರುವುದು, ಇದು ರೋಗವಲ್ಲ.

ಮೊದಲನೆಯ ಕಾರಣವು ಅತಿಯಾದ ಹೊರೆ. 63 ಕೆ.ವಿ.ಎ. ಟಿ.ಸಿ. ಒಂದರಲ್ಲಿ ಐದು ಅಶ್ವಶಕ್ತಿಯ ಹತ್ತು ಪಂಪುಗಳಿವೆಯೆಂದು ಭಾವಿಸಬಹುದು. ಪ್ರತಿಯೊಂದೂ ಸುಮಾರು ಏಳೂವರೆ ಆಂಪಿಯರ್ ಎಳೆದರೆ ಒಟ್ಟು 75 ಆಗುವುದು, ಆ ಟಿ.ಸಿ. ತಾಳುವುದು ಸುಮಾರು 84. ಅಂತರ್ಜಲವು ಇಳಿದು, ಬಾವಿಗಳನ್ನು ಆಳಮಾಡಿ, ಅವರೆಲ್ಲರೂ ಏಳೂವರೆ ಅಶ್ವಶಕ್ತಿಯ ಪಂಪುಗಳನ್ನು ಇಳಿಸಿದರೆ ಪ್ರತಿಯೊಂದೂ ಸುಮಾರು 11 ಆಂಪಿಯರ್ ಎಳೆದು ಒಟ್ಟು 110 ಆಗುವುದು. ಸುರುಳಿಗಳಲ್ಲಿ ಹುಟ್ಟುವ ಕಾವು ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ, ಅದು ಪೂರ್ಣ ಹೊರೆಯ ಕಾವಿಗಿಂತ ಸುಮಾರು 1.7 ಪಟ್ಟಾಗುವುದು. ಆಗ ಶ್ರುತಿಯು ಬದಲಾಗದೆ ದನಿಯು ಮಾತ್ರ ಭಾರವಾಗಿ ಹೆಚ್ಚುವುದು. ಇದರ ಗುರುತೇನೆಂದರೆ, ಮೂರು ಫೇಸ್ ಸರಬರಾಜಿನ ಹೊತ್ತಿಗೆ ಏರಿ, ಪಂಪುಗಳು ಒಂದೊಂದಾಗಿ ನಿಂತಂತೆ ತಗ್ಗುವುದು. ಕರೆಂಟು ಬಂದೊಡನೆ ಆಟೋ ಸ್ಟಾರ್ಟರುಗಳಿಂದ ಎಲ್ಲ ಪಂಪುಗಳೂ ಒಟ್ಟಿಗೆ ಎದ್ದಾಗ ಕೆಲವು ಸೆಕೆಂಡು ಗರ್ಜಿಸುವುದು ಸಹಜ. ಅದು ನಿಲ್ಲದಿದ್ದರೆ ಮಾತ್ರ ಹೊರೆಯನ್ನು ಸಂಶಯಿಸತಕ್ಕದ್ದು. ಈ ಒಂದು ಕಾರಣಕ್ಕೆ ಮಾತ್ರ ದೊಡ್ಡ ಟಿ.ಸಿ.ಯ ಬೇಡಿಕೆಯು ನ್ಯಾಯವಾದುದು. ಅದು ಬರುವವರೆಗೆ ಪಂಪುಗಳನ್ನು ಸರದಿಯ ಮೇಲೆ ನಡೆಸುವುದು ಗ್ರಾಮದವರ ಕೈಯಲ್ಲೇ ಇದೆ.

ಎರಡನೆಯದು ಸಡಿಲವಾದ ತಿರುಳು. ಬಿಗಿಯಾಗಿರಬೇಕಾದ ಬೋಲ್ಟುಗಳು ಸಡಿಲಗೊಂಡರೆ ತಗಡುಗಳು ಒಂದಕ್ಕೊಂದು ತಾಗಿ, ಕುದಿಯುವ ಪಾತ್ರೆಯ ಮುಚ್ಚಳದಂತೆ ಕಟಕಟ ಗರಗರ ಎನ್ನುವುವು. ಈ ಶಬ್ದವು ಪಂಪುಗಳನ್ನು ನಿಲ್ಲಿಸಿದರೂ ಉಳಿಯುವುದು. ರಾತ್ರಿ ಹೊರೆ ಕಡಮೆಯಾಗಿ ಒತ್ತಡ ಏರಿದಾಗ ಇನ್ನೂ ಹೆಚ್ಚುವುದುಂಟು. ಆದರೆ ಹೊರಗಿನ ಒಂದು ತಗಡು ಅಥವಾ ಬೋಲ್ಟು ಅಲುಗಾಡಿದರೂ ಹಾಗೆಯೇ ಕೇಳುವುದರಿಂದ, ನಿರ್ಣಯವನ್ನು ಲೈನ್‌ಮನ್ನರಿಗೆ ಬಿಡತಕ್ಕದ್ದು.

ಮೂರನೆಯದು ಹಾರ್ಮೋನಿಕ್ಸ್, ಎಂದರೆ 50ರ ಆವರ್ತದ ಮೇಲೆ ಸೇರಿಕೊಳ್ಳುವ 250, 350 ಮೊದಲಾದ ಬೇರೆ ಆವರ್ತಗಳು. ಇವು ಮೂಲ ಶ್ರುತಿಯ ಮೇಲೆ ಜೀರುಂಡೆಯ ದನಿಯಂಥ ಒರಟಾದ ಎತ್ತರದ ಸ್ವರಗಳನ್ನು ಕೂಡಿಸುವುವು. ನೇರವಾಗಿ ತಂತಿಗೆ ಸೇರಿದ ಸಾಧಾರಣ ಪಂಪುಗಳಿಂದ ಇವು ಹೆಚ್ಚಾಗಿ ಹುಟ್ಟವು. ವೇಗ ಬದಲಿಸುವ ಡ್ರೈವ್, ಇನ್ವರ್ಟರ್ ಬಗೆಯ ವೆಲ್ಡಿಂಗ್ ಯಂತ್ರ, ಬ್ಯಾಟರಿ ಚಾರ್ಜರು ಮೊದಲಾದುವುಗಳಿಂದ ಹುಟ್ಟುವುವು. ಆದುದರಿಂದ ಕೇವಲ ಪಂಪುಗಳಿರುವ ಟಿ.ಸಿ.ಯಲ್ಲಿ ಮೊದಲು ಹೊರೆಯನ್ನೇ ನೋಡಬೇಕು. ಸಮೀಪದಲ್ಲಿ ಅಂಥ ಯಂತ್ರವಿದ್ದರೆ, ಅದು ನಡೆಯುವ ಹೊತ್ತಿಗೇ ಶಬ್ದವು ಬರುವುದೋ ಎಂದು ಗಮನಿಸಬೇಕು.

ಕಿವಿಯು ಸಂಶಯವನ್ನು ಹುಟ್ಟಿಸಬಲ್ಲುದೇ ಹೊರತು ತೀರ್ಪು ಕೊಡಲಾರದು. ಮೂರು ಫೇಸುಗಳ ಪ್ರವಾಹವನ್ನು ಟಾಂಗ್ ಟೆಸ್ಟರಿನಿಂದ ಅಳೆದು, ಎಣ್ಣೆಯ ಮಟ್ಟವನ್ನು ನೋಡಿದ ಮೇಲೆಯೇ ನಿಜವು ತಿಳಿಯುವುದು. ಹೊರೆ ಹೆಚ್ಚಿ ಫ್ಯೂಸು ಹೋಗುವಲ್ಲಿ ದಪ್ಪ ತಂತಿ ಕಟ್ಟುವುದು ಟಿ.ಸಿ.ಯನ್ನೇ ಫ್ಯೂಸನ್ನಾಗಿ ಮಾಡಿದಂತೆ. ಚಟಚಟ ಸಿಡಿಯುವ ಶಬ್ದ, ಕಿಡಿ ಅಥವಾ ಎಣ್ಣೆ ಸೋರುವುದು ಕಂಡರೆ ಜನರನ್ನೂ ದನಗಳನ್ನೂ ದೂರವಿರಿಸಿ, ಕೂಡಲೇ ಬೆಸ್ಕಾಂನ 1912ಕ್ಕೆ ತಿಳಿಸತಕ್ಕದ್ದು. ಬೇಲಿಯೊಳಗೆ ಹೋಗಿ ಕಿವಿಗೊಡುವುದೂ, ಕೋಲಿನಿಂದ ತಟ್ಟಿನೋಡುವುದೂ ಪ್ರಾಣಾಪಾಯಕರ.

ಗ್ರಾಮದ ಮುಖಂಡರು ಮೂರು ದಿನ ದೂರದಲ್ಲಿಯೇ ನಿಂತು, ಹೊತ್ತು, ಶಬ್ದದ ಬಗೆ, ಆಗ ನಡೆಯುತ್ತಿದ್ದ ಪಂಪುಗಳ ಸಂಖ್ಯೆ ಮತ್ತು ಅವುಗಳ ಅಶ್ವಶಕ್ತಿ ಇವುಗಳನ್ನು ಒಂದು ಹಾಳೆಯಲ್ಲಿ ಬರೆದು ಅರ್ಜಿಗೆ ಲಗತ್ತಿಸುವುದು ಉಚಿತ. ಅಂಥ ಹಾಳೆಯನ್ನು ನೋಡಿದ ಎಂಜಿನಿಯರರಿಗೆ ಮೊದಲು ಏನನ್ನು ಅಳೆಯಬೇಕೆಂಬುದು ಸ್ಥಳಕ್ಕೆ ಬರುವ ಮುಂಚೆಯೇ ತಿಳಿದಿರುವುದು.