ಆಕ್ಷೇಪಣೆ ಕೇಳುವುದು ಶಾಸ್ತ್ರವಾಗಬಾರದು

ಹೊಳಲ್ಕೆರೆ ಸೀಮೆಯಲ್ಲಿ ಭದ್ರಾ ಮೇಲ್ದಂಡೆಯ ಕಾಲುವೆ ಬೇಕೆನ್ನುವವನೂ ರೈತನೇ, ಅದಕ್ಕಾಗಿ ಅಡಿಕೆ ತೋಟ ಬಿಟ್ಟುಕೊಡಬೇಕಾದವನೂ ರೈತನೇ. ಅಜ್ಜಂಪುರದ ಬಳಿಯ ಅಬ್ಬಿನಹೊಳಲಿನಲ್ಲಿ ಪರಿಹಾರದ ತಕರಾರು ಬಗೆಹರಿಯದೆ ಕಾಲುವೆ ಕೆಲಸ ವರ್ಷಗಟ್ಟಲೆ ನಿಂತಿತು. ಅದರ ದಂಡ ತೆತ್ತದ್ದು ನೀರಿಗೆ ಕಾದು ಕುಳಿತ ಚಿತ್ರದುರ್ಗ ಜಿಲ್ಲೆ.

2013ರ ಭೂಸ್ವಾಧೀನ ಕಾಯ್ದೆಯಲ್ಲಿ ಜಮೀನಿನ ಮಾಲೀಕನಿಗೆ ಎರಡು ಕಾವಲುಗಳಿದ್ದವು. ಮೊದಲನೆಯದು ಯೋಜನೆಯ ಸಾಮಾಜಿಕ ಪರಿಣಾಮದ ಅಧ್ಯಯನ. ನೀರಾವರಿಯೂ ಸೇರಿದಂತೆ ಹಲವು ಬಗೆಯ ಯೋಜನೆಗಳಿಗೆ ಇದರಿಂದ ವಿನಾಯಿತಿ ಕೊಡುವ ಅಧಿಕಾರವನ್ನು ಕರ್ನಾಟಕ 2019ರ ತಿದ್ದುಪಡಿಯಲ್ಲಿ ತಾನೇ ಪಡೆದುಕೊಂಡಿತು. ಉಳಿದದ್ದು ಎರಡನೆಯದು: ಪ್ರಾಥಮಿಕ ಅಧಿಸೂಚನೆಯಾದ 60 ದಿನಗಳೊಳಗೆ ಲಿಖಿತ ಆಕ್ಷೇಪಣೆ. ಈ ಜಮೀನೇ ಏಕೆ, ಇಷ್ಟು ವಿಸ್ತೀರ್ಣ ಏಕೆ ಎಂದು ಅಲ್ಲಿ ಕೇಳಬಹುದು. ಅಧಿಕಾರಿ ವಿಚಾರಣೆ ನಡೆಸಿ ಸರ್ಕಾರಕ್ಕೆ ವರದಿ ಕೊಡಲೇಬೇಕು. ರಾಷ್ಟ್ರೀಯ ಹೆದ್ದಾರಿಗಾದರೆ ಪ್ರತ್ಯೇಕ ಕಾಯ್ದೆಯಿದ್ದು, ಗಡುವು ಬರೀ 21 ದಿನ. ಇದ್ದೊಂದು ಕಾವಲೂ ಸಹಿ ಹಾಕಿಸಿಕೊಂಡು ಕಳಿಸುವ ಶಾಸ್ತ್ರವಾದರೆ ರೈತನಿಗೆ ಉಳಿಯುವುದು ಕೋರ್ಟಿನ ಬಾಗಿಲು ಮಾತ್ರ.

ಪರಿಹಾರದ ಲೆಕ್ಕದಲ್ಲಿ ಇನ್ನೊಂದು ಹಳ್ಳವಿದೆ. ಮಾರ್ಗಸೂಚಿ ದರ ಮತ್ತು ಸುತ್ತಮುತ್ತ ಹಿಂದಿನ ಮೂರು ವರ್ಷಗಳಲ್ಲಿ ಆದ ಕ್ರಯಪತ್ರಗಳ ಪೈಕಿ ಹೆಚ್ಚು ಬೆಲೆಯ ಅರ್ಧದ ಸರಾಸರಿ, ಇವೆರಡರಲ್ಲಿ ಹೆಚ್ಚಿನದೇ ಮೂಲ ಬೆಲೆ. ಗ್ರಾಮೀಣ ಭೂಮಿಗೆ ಅದನ್ನು 1ರಿಂದ 2ರವರೆಗಿನ ಗುಣಕದಿಂದ ಗುಣಿಸಿ, ಮರ, ಕೊಳವೆಬಾವಿಗಳ ಬೆಲೆ ಸೇರಿಸಿ, ಒಟ್ಟು ಮೊತ್ತದಷ್ಟೇ ಸಾಂತ್ವನ ಧನ ಕೊಡಬೇಕು. ಎಕರೆಗೆ 20 ಲಕ್ಷ ಬಾಳುವ ತೋಟಗಳು ಊರಿನ ಪತ್ರಗಳಲ್ಲಿ 10 ಲಕ್ಷವೆಂದೇ ನೋಂದಣಿಯಾಗಿವೆ ಎನ್ನಿ. ಗುಣಕ 2, ಮರಗಳ ಬೆಲೆ 5 ಲಕ್ಷ ಆದರೆ ಕೈಗೆ ಬರುವುದು 50 ಲಕ್ಷ. ನಿಜ ಬೆಲೆ ಬರೆಸಿದ್ದರೆ 90 ಲಕ್ಷ. ಮುದ್ರಾಂಕ ಶುಲ್ಕ ಉಳಿಸಲು ಯಾರೋ ಬರೆಸಿದ ಸುಳ್ಳು ಬೆಲೆಗೆ ಪಕ್ಕದ ಹೊಲದವನು 40 ಲಕ್ಷ ಕಳೆದುಕೊಳ್ಳುತ್ತಾನೆ.

ದರ ಕಡಿಮೆ ಎನಿಸಿದರೆ ಹಣ ಪಡೆಯುವಾಗಲೇ ‘ಪ್ರತಿಭಟನೆಯೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಬರೆದುಕೊಡಬೇಕು. ಬರೆಯದಿದ್ದರೆ ಹೆಚ್ಚಿನ ಪರಿಹಾರ ಕೇಳುವ ಹಕ್ಕೇ ಹೋಗುತ್ತದೆ. ಅವಾರ್ಡ್ ಆಗುವಾಗ ಹಾಜರಿದ್ದವರಿಗೆ ಅರ್ಜಿ ಹಾಕಲು ಸಾಮಾನ್ಯ ಗಡುವು ಆರು ವಾರ. ಗೊತ್ತಿಲ್ಲದವನಿಗೆ ಇದು ಗುಂಡಿ, ಗೊತ್ತಿದ್ದೂ ಹೇಳದ ಕಚೇರಿಗೆ ಇದು ಅನುಕೂಲ.

ಆದ್ದರಿಂದ ಬೆಲೆಗೆ ಆಧಾರವಾದ ಕ್ರಯಪತ್ರಗಳ ಪಟ್ಟಿಯನ್ನು ಗ್ರಾಮ ಪಂಚಾಯಿತಿಯಲ್ಲಿ ಅಂಟಿಸಲಿ. ವಿಚಾರಣೆ ಹಳ್ಳಿಯಲ್ಲೇ ನಡೆಯಲಿ. ಆಕ್ಷೇಪಣೆ ತಳ್ಳಿಹಾಕಿದರೆ ಕಾರಣವನ್ನು ಬರಹದಲ್ಲಿ ಕೊಡಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಜಿಲ್ಲಾಧಿಕಾರಿಯ ಒಂದು ಸುತ್ತೋಲೆ ಸಾಕು.