ಟ್ರೈಕೊಡರ್ಮಾಕ್ಕೂ ಮ್ಯಾಂಕೋಜೆಬ್‌ಗೂ ಒಂದೇ ತೆರಿಗೆ ಹೇಗೆ? ಬಿಲ್ಲಿನ ಫೋಟೋ ಒಮ್ಮೆ ನೋಡಿ

ಮೊನ್ನೆ ಸಂಜೆ ಪಕ್ಕದ ತೋಟದ ನಮ್ಮ ಭಾವ ಮೊಬೈಲಿಗೆ ಒಂದು ಬಿಲ್ಲಿನ ಫೋಟೋ ಕಳಿಸಿದರು. ಕೆಳಗೆ ಒಂದೇ ಸಾಲು: "ಸ್ವಲ್ಪ ನೋಡು ಮಾರಾಯ, ಲೆಕ್ಕ ಸರಿ ಇದೆಯಾ?" ಶುಂಠಿ ನಾಟಿಗೆ ಅಂತ ಗೊಬ್ಬರದ ಅಂಗಡಿಯಿಂದ ಸಾಮಾನು ತಂದಿದ್ದರು. ಒಟ್ಟು 2814 ರೂಪಾಯಿ. ಮನೆಗೆ ಬಂದು ಕೂಡಿಸಿ ನೋಡಿದ್ದಾರೆ, ಮೊತ್ತ ಸರಿ ಬಂದಿದೆ. ಆದರೂ ಏನೋ ಜಾಸ್ತಿ ಆಯ್ತು ಅಂತ ಮನಸ್ಸಿಗೆ ಅನ್ನಿಸಿದೆ.

ನಮ್ಮಲ್ಲಿ ಬಹಳ ಜನ ಬಿಲ್ಲು ನೋಡೋದು ಹೀಗೇ. ಕೊನೆ ಸಾಲಿನ ಮೊತ್ತ ನೋಡ್ತೀವಿ, ಕೂಡಿಕೆ ಸರಿ ಇದ್ದರೆ ಮಡಚಿ ಜೇಬಿಗೆ ಹಾಕ್ತೀವಿ. ನನ್ನ ಅಭಿಪ್ರಾಯ ಏನಂದರೆ, ಕೂಡಿಕೆ ತಪ್ಪೋದು ಈಗ ಅಪರೂಪ, ಅದನ್ನು ಕಂಪ್ಯೂಟರ್ ಮಾಡ್ತದೆ. ತಪ್ಪು ಇದ್ದರೆ ಅದು ಮಧ್ಯದ ಕಾಲಂಗಳಲ್ಲಿ, ಯಾವ ಸಾಮಾನಿಗೆ ಎಷ್ಟು ತೆರಿಗೆ ಅಂತ ಅಂಗಡಿಯವರು ಮೊದಲೇ ತುಂಬಿಟ್ಟ ಜಾಗದಲ್ಲಿ ಇರ್ತದೆ. ಭಾವನ ಬಿಲ್ಲಿನಲ್ಲೂ ಅದೇ ಆಗಿತ್ತು.

ಬಿಲ್ಲಿನಲ್ಲಿ ನಾಲ್ಕು ಸಾಮಾನು. ಡಿಎಪಿ ಒಂದು ಚೀಲ, ಟ್ರೈಕೊಡರ್ಮಾ ಐದು ಕೆಜಿ, ಮ್ಯಾಂಕೋಜೆಬ್ ಒಂದು ಕೆಜಿ, ಒಂದು ಗುದ್ದಲಿ. ಫೋಟೋ ತೆಗೆಯುವಾಗ ಬಿಲ್ಲಿನ ಬಲಗಡೆ ಅಂಚು ಮಡಚಿಕೊಂಡು, ತೆರಿಗೆ ಶೇಕಡಾ ಎಷ್ಟು ಅನ್ನೋ ಕಾಲಮ್ಮೇ ಕಾಣ್ತಿರಲಿಲ್ಲ. ಆದರೆ ಅದು ಕಾಣದಿದ್ದರೂ ದರ ಕಂಡುಹಿಡಿಯಬಹುದು. 'ಟ್ಯಾಕ್ಸಬಲ್ ವ್ಯಾಲ್ಯೂ' ಅಂತ ಒಂದು ಕಾಲಂ ಇರ್ತದಲ್ಲ, ಅದು ತೆರಿಗೆ ಸೇರಿಸುವ ಮೊದಲಿನ ಬೆಲೆ. ತೆರಿಗೆಯ ರೂಪಾಯಿಯನ್ನು ಆ ಬೆಲೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ದರ ಬಂತು.

ಇಲ್ಲೊಂದು ಎಚ್ಚರಿಕೆ. ಬಿಲ್ಲಿನಲ್ಲಿ ತೆರಿಗೆ ಎರಡು ತುಂಡಾಗಿ ಇರ್ತದೆ, ಸಿಜಿಎಸ್‌ಟಿ ಕೇಂದ್ರಕ್ಕೆ, ಎಸ್‌ಜಿಎಸ್‌ಟಿ ರಾಜ್ಯಕ್ಕೆ, ಅರ್ಧರ್ಧ. ಒಂದನ್ನೇ ನೋಡಿ "ಒಂಬತ್ತು ಪರ್ಸೆಂಟ್ ತಾನೇ" ಅಂದುಕೊಂಡವರು ನಮ್ಮೂರಲ್ಲೇ ಇದ್ದಾರೆ. ಎರಡನ್ನೂ ಕೂಡಿಸಬೇಕು. ಒಂಬತ್ತೂ ಒಂಬತ್ತೂ ಹದಿನೆಂಟು.

ಈಗ ಭಾವನ ಬಿಲ್ಲಿಗೆ ಬರೋಣ. ಗುದ್ದಲಿ 260 ರೂಪಾಯಿ, ತೆರಿಗೆ ಸೊನ್ನೆ. ಇದು ಸರಿ. ಗುದ್ದಲಿ, ಕುಡುಗೋಲು, ಕೊಡಲಿಯಂಥ ಕೈಯಲ್ಲಿ ಹಿಡಿದು ಕೆಲಸ ಮಾಡೋ ಕೃಷಿ ಸಾಮಾನಿಗೆ ಜಿಎಸ್‌ಟಿ ಇಲ್ಲ. ಮ್ಯಾಂಕೋಜೆಬ್‌ಗೆ ಬೆಲೆ 420, ತೆರಿಗೆ 37.80ರಂತೆ ಎರಡು ಸಲ, ಅಂದರೆ 75.60. ಭಾಗಿಸಿದರೆ ಶೇ. 18. ಇದೂ ಸರಿ, ರಾಸಾಯನಿಕ ಔಷಧಿಗಳಿಗೆ ಇರೋದೇ ಅಷ್ಟು. ಡಿಎಪಿ ಸಾಲಿನಲ್ಲಿ ಬೆಲೆ 1285.71, ತೆರಿಗೆ 32.14ರಂತೆ ಎರಡು ಸಲ. ಶೇ. 5. ಗೊಬ್ಬರಕ್ಕೆ ಅದು ಸರಿ.

ಟ್ರೈಕೊಡರ್ಮಾ ಸಾಲಿಗೆ ಬಂದಾಗ ನಾನು ಫೋಟೋ ಹಿಗ್ಗಿಸಿ ಎರಡು ಸಲ ನೋಡಿದೆ. ಬೆಲೆ 600. ತೆರಿಗೆ 54ರಂತೆ ಎರಡು ಸಲ, 108. ನೂರೆಂಟನ್ನು ಆರುನೂರರಿಂದ ಭಾಗಿಸಿದರೆ ಇದೂ ಶೇ. 18. ಅದು ತಪ್ಪು. ಟ್ರೈಕೊಡರ್ಮಾ ವಿರಿಡೆ, ಸ್ಯೂಡೋಮೊನಾಸ್, ಬೇವಿನಿಂದ ಮಾಡಿದ್ದು, ಹೀಗೆ ಪಟ್ಟಿ ಮಾಡಿರುವ ಕೆಲವು ಜೈವಿಕ ಕೀಟನಾಶಕಗಳಿಗೆ ದರ ಬೇರೆ. ಮೊದಲು ಶೇ. 12 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ. 5 ಆಗಿದೆ. ಶೇ. 5 ಅಂದರೆ ತೆರಿಗೆ 30 ರೂಪಾಯಿ ಮಾತ್ರ ಆಗಬೇಕಿತ್ತು. ಭಾವ 78 ರೂಪಾಯಿ ಹೆಚ್ಚಿಗೆ ಕೊಟ್ಟು ಬಂದಿದ್ದಾರೆ.

ಇದು ಹೇಗಾಯ್ತು? ಉತ್ತರ ಇರೋದು ಎಚ್‌ಎಸ್‌ಎನ್ ಅನ್ನೋ ಕಾಲಂನಲ್ಲಿ. ಪ್ರತಿ ಸಾಮಾನಿಗೂ ಒಂದು ಸಂಖ್ಯೆ ಇರ್ತದೆ. ಡಿಎಪಿಗೆ 3105, ಗುದ್ದಲಿಗೆ 8201. ಕೆಲವು ಬಿಲ್ಲಲ್ಲಿ ನಾಲ್ಕು ಅಂಕಿ, ಕೆಲವಲ್ಲಿ ಆರು, ಎಂಟು. ಮೊದಲ ನಾಲ್ಕು ನೋಡಿದರೆ ಜಾತಿ ಗೊತ್ತಾಗ್ತದೆ, ಉಳಿದದ್ದು ಒಳಜಾತಿ. (ಐದು ಕೋಟಿವರೆಗೆ ವಹಿವಾಟು ಇರೋ ಅಂಗಡಿಯವರು ನಮ್ಮಂಥ ನೋಂದಣಿ ಇಲ್ಲದವರ ಬಿಲ್ಲಿನಲ್ಲಿ ಈ ಸಂಖ್ಯೆ ಹಾಕದಿದ್ದರೂ ತಪ್ಪಲ್ಲ. ಅದಕ್ಕಾಗಿ ಜಗಳ ಬೇಡ.) ಭಾವನ ಬಿಲ್ಲಿನಲ್ಲಿ ಮ್ಯಾಂಕೋಜೆಬ್‌ಗೂ 3808, ಟ್ರೈಕೊಡರ್ಮಾಕ್ಕೂ 3808. ಈ ಸಂಖ್ಯೆ ಸರಿಯಾಗೇ ಇದೆ. ಕೀಟನಾಶಕ, ಶಿಲೀಂಧ್ರನಾಶಕ, ಕಳೆನಾಶಕ ಎಲ್ಲಾ ಬರೋದು ಇದೇ 3808ರ ಕೆಳಗೆ. ಆದರೆ ಒಂದೇ ಸಂಖ್ಯೆಯ ಕೆಳಗೆ ಎರಡು ದರ ಇದೆ, ರಾಸಾಯನಿಕಕ್ಕೆ ಹದಿನೆಂಟು, ಪಟ್ಟಿಯಲ್ಲಿರೋ ಜೈವಿಕಕ್ಕೆ ಐದು. ಅಂಗಡಿಯ ಕಂಪ್ಯೂಟರಿನಲ್ಲಿ ಯಾರೋ 3808 ಅಂದರೆ 18 ಅಂತ ಒಂದೇ ಸಲ ತುಂಬಿಬಿಟ್ಟಿದ್ದಾರೆ. ಬಡಪಾಯಿ ಟ್ರೈಕೊಡರ್ಮಾ ಅದರಲ್ಲಿ ಸಿಕ್ಕಿಹಾಕಿಕೊಂಡಿದೆ.

ಅದಕ್ಕೇ ನಾನು ಹೇಳೋದು, ಸಂಖ್ಯೆ ಸರಿ ಇದೆ ಅಂದ ಮಾತ್ರಕ್ಕೆ ದರ ಸರಿ ಅಂತಲ್ಲ. ಸಾಮಾನಿನ ಹೆಸರು, ಸಂಖ್ಯೆ, ದರ, ಈ ಮೂರನ್ನೂ ಒಂದೇ ಸಾಲಿನಲ್ಲಿ ಅಡ್ಡಡ್ಡ ಓದಬೇಕು. ನಾವು ಮೇಲಿಂದ ಕೆಳಕ್ಕೆ ಕೂಡಿಸ್ತಾ ಹೋಗೋದರಿಂದ ಇದು ಕಣ್ಣಿಗೆ ಬೀಳೋದಿಲ್ಲ.

ಎಂಆರ್‌ಪಿ ನೋಡಿದರೆ ಸಾಕಲ್ವಾ ಅಂತ ಕೆಲವರು ಕೇಳ್ತಾರೆ. ಎಂಆರ್‌ಪಿಯಲ್ಲಿ ಎಲ್ಲಾ ತೆರಿಗೆ ಸೇರಿರ್ತದೆ, ಅದರ ಮೇಲೆ ಮತ್ತೆ ಜಿಎಸ್‌ಟಿ ಅಂತ ಹಾಕಿದರೆ ಅದು ಸೀದಾ ತಪ್ಪು, ಅಲ್ಲೇ ಕೇಳಬೇಕು. ಆದರೆ ಎಂಆರ್‌ಪಿ ಅನ್ನೋದು ಮೇಲಿನ ಮಿತಿ ಮಾತ್ರ. ಭಾವನ ಪ್ಯಾಕೆಟ್ ಮೇಲೆ ಕೆಜಿಗೆ 160 ಅಂತ ಇತ್ತು, ತಪ್ಪು ತೆರಿಗೆ ಸೇರಿಯೂ ಅವರಿಗೆ ಬಿದ್ದಿದ್ದು 141.60. ಮಿತಿಯೊಳಗೇ ಇದ್ದದ್ದರಿಂದ ಅನುಮಾನವೇ ಬರಲಿಲ್ಲ.

ಕೊನೆಗೆ ರೌಂಡ್ ಆಫ್. ಭಾವನಿಗೆ ಮೊದಲು ಅನುಮಾನ ಬಂದಿದ್ದೇ ಇಲ್ಲಿ, "ನಲವತ್ತೊಂದು ಪೈಸೆ ಯಾಕೆ ಹಾಕಿದ್ದಾರೆ?" ಅಂತ. ತೆರಿಗೆ ಇಲ್ಲದ ಬೆಲೆ ಒಟ್ಟು 2565.71, ಸಿಜಿಎಸ್‌ಟಿ 123.94, ಎಸ್‌ಜಿಎಸ್‌ಟಿ 123.94. ಕೂಡಿದರೆ 2813.59. ಐವತ್ತು ಪೈಸೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೇಲಿನ ರೂಪಾಯಿಗೆ, ಕಡಿಮೆ ಇದ್ದರೆ ಕೆಳಗಿನ ರೂಪಾಯಿಗೆ. ಹಾಗಾಗಿ 41 ಪೈಸೆ ಸೇರಿ 2814. ಇದರಲ್ಲಿ ಮೋಸ ಏನೂ ಇಲ್ಲ. ಡಿಎಪಿ ಚೀಲದ ಮೇಲೆ 1350 ಅಂತ ಇದ್ದರೂ ಬಿಲ್ಲಿನ ಸಾಲು ಕೂಡಿದರೆ 1349.99 ಬರ್ತದೆ, ಅದೂ ಇದೇ ಕಥೆ. 1350ನ್ನು 1.05ರಿಂದ ಭಾಗಿಸಿ ತೆರಿಗೆ ಬೇರೆ ಮಾಡುವಾಗ ಪೈಸೆಯ ಕೆಳಗಿನ ಚೂರು ಉದುರಿ ಹೋಗ್ತದೆ, ಒಂದು ಪೈಸೆ ಕಮ್ಮಿ ಕಾಣ್ತದೆ.

ರೌಂಡ್ ಆಫ್ ಸಾಲಿನಲ್ಲಿ ನೋಡಬೇಕಾದ್ದು ಇಷ್ಟೇ: ಅದು ಐವತ್ತು ಪೈಸೆ ದಾಟಬಾರದು. ಮೂರು ರೂಪಾಯಿ, ಆರು ರೂಪಾಯಿ ಅಂತ ಇದ್ದರೆ ಅದು ರೌಂಡ್ ಆಫ್ ಅಲ್ಲ, ಹಮಾಲಿಯೋ ಮತ್ತೊಂದೋ ಅದರೊಳಗೆ ಸೇರಿಕೊಂಡಿದೆ. ಹಮಾಲಿ ತಗೊಳ್ಳಲಿ, ಬೇಡ ಅನ್ನಲ್ಲ, ಆದರೆ ಹಮಾಲಿ ಅಂತಲೇ ಬರೀಲಿ. ನಾವು ನಲವತ್ತೊಂದು ಪೈಸೆ ಹಿಡಿದು ಜಗ್ಗಾಡ್ತೀವಿ, ಅದರ ಮೇಲಿನ ಸಾಲಿನ ಎಪ್ಪತ್ತೆಂಟು ರೂಪಾಯಿ ನಮಗೆ ಕಾಣೋದೇ ಇಲ್ಲ.

"ಎಪ್ಪತ್ತೆಂಟು ರೂಪಾಯಿಗೆ ಇಷ್ಟು ಉದ್ದ ಬರೀಬೇಕಾ?" ಅಂತ ಕೇಳೋರು ಇದ್ದೇ ಇರ್ತಾರೆ. ಯೋಚನೆ ಮಾಡಿ. ಅಂಗಡಿಯವರು ತಾವು ಕೊಟ್ಟ ತೆರಿಗೆಯನ್ನು ಮಾರಿದ ತೆರಿಗೆಯಲ್ಲಿ ಕಳೆದುಕೊಳ್ತಾರೆ. ಹೆಚ್ಚಿಗೆ ಹಾಕಿದ್ದೂ ಅವರ ಜೇಬಿಗೆ ಹೋಗಬೇಕು ಅಂತೇನಿಲ್ಲ, ಸರ್ಕಾರಕ್ಕೇ ಕಟ್ಟಿರ್ತಾರೆ. ಆದರೆ ನಮಗೆ ನೋಂದಣಿ ಇಲ್ಲ, ಕೊಟ್ಟ ತೆರಿಗೆಯನ್ನು ಮುಂದೆ ಯಾರ ಮೇಲೂ ಹಾಕೋಕೆ ಬರಲ್ಲ. ಸಾಲಿನ ಕೊನೆಯಲ್ಲಿ ನಿಂತವರು ನಾವೇ, ತಪ್ಪು ದರದ ಭಾರ ಬೀಳೋದೂ ನಮ್ಮ ಮೇಲೆಯೇ. ಐದು ಕೆಜಿಗೆ ಎಪ್ಪತ್ತೆಂಟು. ಎರಡು ಎಕರೆ ಶುಂಠಿಗೆ, ಅಡಿಕೆ ತೋಟಕ್ಕೆ ಅಂತ ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸೋರು ಇನ್ನೂ ಹೆಚ್ಚು ಒಯ್ತಾರೆ. ಅದೇ ಕಂಪ್ಯೂಟರಿನಿಂದ ಊರಿಗೆಲ್ಲಾ ಅದೇ ಬಿಲ್ಲು ಬರ್ತಿದೆ.

ಜಗಳ ಮಾಡೋದೂ ಸರಿ ಅಲ್ಲ. ಮಳೆಗಾಲದಲ್ಲಿ ಉದ್ರಿ ಕೊಡೋದು ಅದೇ ಅಂಗಡಿ. ಮರುದಿನ ನಾನೂ ಭಾವನೂ ಜನ ಕಡಿಮೆ ಇರೋ ಹೊತ್ತಿಗೆ ಹೋದೆವು. "ನಿಮ್ಮ ಲೆಕ್ಕ ತಪ್ಪು" ಅನ್ನಲಿಲ್ಲ. ಫೋಟೋ ತೋರಿಸಿ, "ಅಣ್ಣಾ, ಟ್ರೈಕೊಡರ್ಮಾಕ್ಕೆ ಐದಲ್ವಾ, ಇಲ್ಲಿ ಹದಿನೆಂಟು ಬಂದಿದೆ" ಅಂದೆವು. ಅವರು ಮೊದಲು "ಔಷಧಿಗೆಲ್ಲಾ ಹದಿನೆಂಟೇ" ಅಂದರು. ಕಂಪನಿಯಿಂದ ಅವರಿಗೆ ಬಂದ ಬಿಲ್ಲು ತೆಗೆದು ನೋಡಿ ಅಂದೆ. ಅದರಲ್ಲಿ ಐದೇ ಇತ್ತು. ಆಮೇಲೆ ಮಾತಿಲ್ಲದೆ 78 ರೂಪಾಯಿಗೆ ಕ್ರೆಡಿಟ್ ನೋಟ್ ಮಾಡಿ ಹಣ ವಾಪಸ್ ಕೊಟ್ಟರು, ಕಂಪ್ಯೂಟರಿನಲ್ಲೂ ತಿದ್ದಿದರು. ಅಂಗಡಿಗೆ ಬಂದ ಬಿಲ್ಲಿನ ದರಕ್ಕೂ ನಮಗೆ ಕೊಟ್ಟ ಬಿಲ್ಲಿನ ದರಕ್ಕೂ ತಾಳೆ ನೋಡೋದು, ಇದಕ್ಕಿಂತ ಸುಲಭದ ಸಾಕ್ಷಿ ಇನ್ನೊಂದಿಲ್ಲ.

ಇದೆಲ್ಲಾ ಆಗಿದ್ದು ಭಾವನ ಹತ್ತಿರ ಬಿಲ್ಲಿನ ಫೋಟೋ ಇದ್ದದ್ದರಿಂದ. ಆ ನಯವಾದ ಕಾಗದದ ಅಕ್ಷರ ಬಿಸಿಲಿಗೆ, ಬೆವರಿಗೆ ಕೆಲವೇ ದಿನದಲ್ಲಿ ಮಾಸಿಹೋಗ್ತದೆ. ಹಾಗಾಗಿ ಹಣ ಕೊಡುವ ಮೊದಲೇ ಕೌಂಟರ್ ಮೇಲೆ ಬಿಲ್ಲು ಚಪ್ಪಟೆ ಹರಡಿ, ನಾಲ್ಕು ಮೂಲೆ ಕಾಣುವ ಹಾಗೆ ತೆಗೀರಿ. ಉದ್ದ ಇದ್ದರೆ ಎರಡು ಫೋಟೋ. ಆಮೇಲೆ ಅಲ್ಲೇ ನಿಂತು ಒಂದೊಂದು ಸಾಲೂ ಅಡ್ಡ ಓದಿ.

ಕಳೆದ ತಿಂಗಳಿಂದ ಈಚೆಗೆ ಟ್ರೈಕೊಡರ್ಮಾ, ಸ್ಯೂಡೋಮೊನಾಸ್, ಬೇವಿನ ಔಷಧಿ ತಂದವರು ಬಿಲ್ಲು ಹುಡುಕಿ ನೋಡಿ. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಇದಕ್ಕೆ ಬೇಕಾದ್ದು ಭಾಗಾಕಾರ ಮಾತ್ರ.