ಬಯೋಡೇಟಾದಲ್ಲಿ ಬರೆಯದೆ ಬಿಟ್ಟ ಪಾಠ

ಕಂಪನಿಗಳ ತರಬೇತಿ ವಿಭಾಗಕ್ಕೆ ಬರಬೇಕೆನ್ನುವ ಶಿಕ್ಷಕರು ಆಗಾಗ ತಮ್ಮ ಬಯೋಡೇಟಾ ತಂದು ನನಗೆ ತೋರಿಸುತ್ತಾರೆ. ಬಹುಪಾಲು ಒಂದೇ ಬಗೆಯ ಸಾಲು: ‘8ರಿಂದ 10ನೇ ತರಗತಿಗೆ ಗಣಿತ ಬೋಧನೆ, 11 ವರ್ಷ. ಎಸ್ಸೆಸ್ಸೆಲ್ಸಿಯಲ್ಲಿ ಶೇಕಡ 100 ಫಲಿತಾಂಶ.’ ಶಾಲೆಯಲ್ಲಿ ಈ ಸಾಲಿಗೆ ತೂಕವಿದೆ. ಕಂಪನಿಯವರಿಗೆ ಮಾತ್ರ ಅದರಿಂದ ಏನೂ ತಿಳಿಯುವುದಿಲ್ಲ. ಆ ಫಲಿತಾಂಶ ಬಂದದ್ದು ಪಾಠದಿಂದಲೋ, ಟ್ಯೂಷನ್ನಿನಿಂದಲೋ, ಆ ವರ್ಷದ ಮಕ್ಕಳೇ ಚುರುಕಾಗಿದ್ದರೋ?

ಕಳೆದ ವರ್ಷ ಒಬ್ಬ ಗಣಿತ ಶಿಕ್ಷಕಿ ಬಂದಿದ್ದರು. ‘ಮೇಡಂ, ಒಂದು ಕಿರುಪರೀಕ್ಷೆ ಕೆಟ್ಟದಾಗಿ ಆದಾಗ ನೀವೇನು ಮಾಡಿದಿರಿ, ಅದನ್ನು ಹೇಳಿ’ ಎಂದೆ. ಸ್ವಲ್ಪ ಯೋಚಿಸಿ ಹೇಳಿದರು. ಒಂಬತ್ತನೇ ತರಗತಿಯ 42 ಮಕ್ಕಳಲ್ಲಿ 19 ಮಂದಿ ಸಮೀಕರಣದ ಲೆಕ್ಕದಲ್ಲಿ ಸೋತಿದ್ದರು. ಇವರು ಉತ್ತರ ಪತ್ರಿಕೆಗಳನ್ನು ಮತ್ತೆ ತೆರೆದು ಕೂತಾಗ ಕಂಡದ್ದು, 13 ಮಕ್ಕಳ ತಪ್ಪು ಒಂದೇ: ಸಂಖ್ಯೆಯನ್ನು ಆಚೆ ಬದಿಗೆ ಒಯ್ಯುವಾಗ ಚಿಹ್ನೆ ಬದಲಿಸುತ್ತಿರಲಿಲ್ಲ. ಉಳಿದ ಆರು ಮಕ್ಕಳಿಗೆ ಲೆಕ್ಕದ ವಾಕ್ಯವೇ ಅರ್ಥವಾಗುತ್ತಿರಲಿಲ್ಲ. ಎರಡು ಗುಂಪು ಮಾಡಿ, ಒಂದು ವಾರ ಬೆಳಗ್ಗೆ ಅರ್ಧ ಗಂಟೆ ಬೇರೆಬೇರೆ ಪಾಠ ಮಾಡಿ ಮರುಪರೀಕ್ಷೆ ಕೊಟ್ಟರು. 15 ಮಕ್ಕಳು ದಾಟಿದರು.

‘ಇದು ಬಯೋಡೇಟಾದಲ್ಲಿ ಯಾಕಿಲ್ಲ?’ ಎಂದು ಕೇಳಿದೆ. ‘ಇದು ಪರಿಹಾರ ಬೋಧನೆ ಸಾರ್, ಎಲ್ಲರೂ ಮಾಡ್ತೀವಲ್ಲ’ ಎಂದರು.

ಎಲ್ಲರೂ ಮಾಡುತ್ತಾರೆ, ಯಾರೂ ಬರೆಯುವುದಿಲ್ಲ. ಗ್ರಾಹಕ ಸೇವಾ ಕೇಂದ್ರದ ಪ್ರೋಸೆಸ್ ಟ್ರೈನರ್ ಕೆಲಸದ ತಿರುಳು ಇದೇ: 25 ಹೊಸಬರಲ್ಲಿ ಯಾರಿಗೆ ಯಾವ ಹಂತ ಹತ್ತಿಲ್ಲ, ಏಕೆ ಹತ್ತಿಲ್ಲ ಎಂದು ಹುಡುಕಿ ಸರಿಪಡಿಸುವುದು. ‘11 ವರ್ಷ ಬೋಧನೆ’ ಎಂಬ ಸಾಲಿನ ಕೆಳಗೆ ಆ 42, 19, 15ರ ಕಥೆಯನ್ನು ಮೂರು ಸಾಲಿನಲ್ಲಿ ಬರೆಸಿದೆವು. ಹೆತ್ತವರನ್ನು ‘ಸ್ಟೇಕ್‌ಹೋಲ್ಡರ್’, ಪಾಠ ಯೋಜನೆಯನ್ನು ‘ಕಂಟೆಂಟ್ ಸ್ಟ್ರಾಟಜಿ’ ಎಂದು ಹೆಸರು ಬದಲಿಸುವುದನ್ನು ಮಾತ್ರ ನಾನು ಒಪ್ಪಲಿಲ್ಲ. ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಆ ಬಣ್ಣ ಹೋಗುತ್ತದೆ.

ಶಿಕ್ಷಕರಿಗೆ ನಿಜವಾದ ಕೊರತೆ ಇರುವುದು ಬೇರೆ ಕಡೆ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯನ್ನು ಅಳೆಯಲು ನಾಲ್ಕು ಹಂತ ಹೇಳಿದರು. ಕಲಿತವರಿಗೆ ಅದು ಹಿಡಿಸಿತೇ, ವಿಷಯ ಕಲಿತರೇ, ಕೆಲಸದಲ್ಲಿ ಅದನ್ನು ಬಳಸುತ್ತಿದ್ದಾರೆಯೇ, ಅದರಿಂದ ಸಂಸ್ಥೆಗೆ ಏನಾಯಿತು. ತರಬೇತಿ ವಿಭಾಗಗಳಲ್ಲಿ ಇಂದಿಗೂ ಇದೇ ಭಾಷೆ. ಶಾಲೆಯ ಘಟಕ ಪರೀಕ್ಷೆ, ವಾರ್ಷಿಕ ಪರೀಕ್ಷೆಗಳೆಲ್ಲ ಎರಡನೇ ಹಂತಕ್ಕೆ ನಿಲ್ಲುತ್ತವೆ. ಮೂರನೆಯದನ್ನು ನೋಡುವ ಅವಕಾಶ ಶಿಕ್ಷಕರಿಗೆ ಸಿಗುವುದು ಅಪರೂಪ. ಮಗು ಮುಂದಿನ ತರಗತಿಗೆ ಹೋಗಿಬಿಟ್ಟಿರುತ್ತದೆ.

ಆದ್ದರಿಂದ ದೊಡ್ಡವರಿಗೆ ಕಲಿಸಿದ್ದು ಏನಾದರೂ ಇದೆಯೇ ಎಂದು ಆ ಶಿಕ್ಷಕಿಯನ್ನು ಕೇಳಿದೆ. ಇತ್ತು. 2020ರಲ್ಲಿ ಶಾಲೆ ಮುಚ್ಚಿದಾಗ 14 ಸಹೋದ್ಯೋಗಿಗಳಿಗೆ ಗೂಗಲ್ ಮೀಟ್ ಕಲಿಸಿದ್ದರು. ಎರಡು ವಾರ ಬಿಟ್ಟು ಪ್ರತಿಯೊಬ್ಬರ ಆನ್‌ಲೈನ್ ತರಗತಿಗೆ ಸೇರಿಕೊಂಡು ನೋಡಿದಾಗ 11 ಮಂದಿ ಯಾರ ಸಹಾಯವೂ ಇಲ್ಲದೆ ನಡೆಸುತ್ತಿದ್ದರು. ಉಳಿದ ಮೂವರಲ್ಲಿ ಇಬ್ಬರಿಗೆ ತೊಂದರೆ ಇದ್ದದ್ದು ಕಲಿಕೆಯದಲ್ಲ, ಮನೆಯ ನೆಟ್‌ವರ್ಕಿನದು. ಇದೇ ಮೂರನೇ ಹಂತ. ಬಯೋಡೇಟಾದ ಮೊದಲ ಸಾಲಾಗಿ ಇದನ್ನೇ ಇಟ್ಟೆವು.

ಮೊದಲ ಕಂಪನಿಯ ಡೆಮೊದಲ್ಲಿ ಸೋತರು. ಗ್ರಾಹಕರ ಹಣ ಹಿಂತಿರುಗಿಸುವ ಕ್ರಮವನ್ನು ಹತ್ತು ನಿಮಿಷದಲ್ಲಿ ಕಲಿಸಬೇಕಿತ್ತು. ವ್ಯಾಖ್ಯಾನದಿಂದ ಶುರುಮಾಡಿ, ಕೊನೆಗೆ ‘ಅರ್ಥ ಆಯ್ತಾ?’ ಎಂದರು. ಎಲ್ಲರೂ ತಲೆಯಾಡಿಸಿದರು. ಹಿಂದಿನ ಸಾಲಿನವರೊಬ್ಬರನ್ನು ಹೆಸರು ಹಿಡಿದು ಎಬ್ಬಿಸಿ ಪ್ರಶ್ನೆ ಕೇಳಿದ್ದಕ್ಕೆ ಕೋಣೆಯೇ ಬಿಗಿಯಾಯಿತು. ದೊಡ್ಡವರು ಎಲ್ಲರೆದುರು ತಪ್ಪು ಹೇಳುವ ಬದಲು ಸುಮ್ಮನಿರುತ್ತಾರೆ. ಎರಡನೇ ಕಂಪನಿಯಲ್ಲಿ ಒಬ್ಬ ಗ್ರಾಹಕನ ದೂರಿನ ಪತ್ರವನ್ನೇ ಮೊದಲು ಕೈಗೆ ಕೊಟ್ಟು, ಇಬ್ಬಿಬ್ಬರಾಗಿ ಕೂತು ಮುಂದೇನು ಮಾಡುವಿರೆಂದು ನಿರ್ಧರಿಸಿ ಎಂದರು. ನಿಯಮ ಆಮೇಲೆ ಬಂತು.

ಅಲ್ಲಿ ಕೇಳಿದ ಕೊನೆಯ ಪ್ರಶ್ನೆ: ತರಬೇತಿ ಮುಗಿದರೂ ದೂರುಗಳು ಇಳಿಯದಿದ್ದರೆ? ‘ಮತ್ತೆ ತರಬೇತಿ ಕೊಡುವ ಮೊದಲು ತರಬೇತಿ ಪಡೆದವರ ಹತ್ತು ಕರೆಗಳನ್ನು ಕೇಳುತ್ತೇನೆ’ ಎಂದರಂತೆ. ‘ಮನೆಯಲ್ಲಿ ಪುಸ್ತಕವೇ ಇಲ್ಲದ ಮಗು ಹೋಂವರ್ಕ್ ತರದಿದ್ದರೆ ಇನ್ನೊಂದು ಸಲ ಪಾಠ ಮಾಡಿ ಏನು ಬಂತು?’

ಅವರನ್ನು ತೆಗೆದುಕೊಂಡರು. ಆದರೆ 11 ವರ್ಷದ ಅನುಭವವನ್ನು ಸಂಬಳಕ್ಕೆ ಪೂರ್ತಿ ಎಣಿಸಲಿಲ್ಲ, ಕಿರಿಯ ಟ್ರೈನರ್ ಎಂದೇ ಸೇರಿಸಿಕೊಂಡರು. ಇದು ನನಗೆ ಅನ್ಯಾಯವೆಂದೇ ಕಾಣುತ್ತದೆ, ಹೊರಡುವವರು ಇದನ್ನು ತಿಳಿದೇ ಹೊರಡಬೇಕು. ಮೊದಲ ವಾರ ಸ್ಲೈಡ್ ಮಾಡಿಕೊಡಿ ಎಂದಾಗ ಅವರು ಕೇಳಿದ್ದು, ಕಳೆದ ಬ್ಯಾಚಿನವರ ತಪ್ಪುಗಳ ಪಟ್ಟಿಯನ್ನು.